ಎರಡು ಬಾಕಿ ಪೇಪರ್, ಒಂದು ಪತ್ರ: ಪುಣೆಯ ಕ್ಯಾಂಪಸ್ ನೇಮಕಾತಿಯ ಒಂದು ಪ್ರಕರಣ

ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕಂಪ್ಯೂಟರ್ ವಿಭಾಗದ ಅಧ್ಯಾಪಕ. ವಿಭಾಗದ ಪ್ಲೇಸ್‌ಮೆಂಟ್ ಸಂಯೋಜಕನ ಕೆಲಸವೂ ನನ್ನದೇ. ಅಕ್ಕಲಕೋಟೆ, ಜತ್ತ, ಸೊಲ್ಲಾಪುರದ ಕಡೆಯಿಂದ ಬಂದ ಕನ್ನಡದ ಮಕ್ಕಳು ನಮ್ಮಲ್ಲಿ ಪ್ರತಿ ವರ್ಷವೂ ಇರುತ್ತಾರೆ. ಬೇರೆಯವರ ಮುಂದೆ ಕೇಳಲು ಹಿಂಜರಿಯುವ ಪ್ರಶ್ನೆಯನ್ನು ಅವರು ನನ್ನ ಕೋಣೆಗೆ ಬಂದು ಕನ್ನಡದಲ್ಲಿ ಕೇಳುತ್ತಾರೆ. ಹೆಚ್ಚಿನ ಸಲ ಆ ಪ್ರಶ್ನೆ ಒಂದೇ: ಪೇಪರ್ ಬಾಕಿ ಇದ್ದರೂ ಕಂಪನಿಯ ನೇಮಕಾತಿ ಡ್ರೈವ್‌ಗೆ ಕೂಡಬಹುದೇ, ಅದನ್ನು ಕಂಪನಿಯವರಿಗೇ ಕೇಳಬಹುದೇ, ಕೇಳಿದರೆ ಇದ್ದ ಅವಕಾಶವೂ ಹೋಗುವುದಿಲ್ಲವೇ? ಇಲ್ಲಿ ದಾಖಲಿಸುತ್ತಿರುವುದು ಅಂಥ ಒಬ್ಬ ವಿದ್ಯಾರ್ಥಿನಿಯ ಪ್ರಕರಣ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವಳ ಹೆಸರನ್ನೂ ಕಂಪನಿಯ ಹೆಸರನ್ನೂ ಬಿಟ್ಟಿದ್ದೇನೆ.

ಆಗಸ್ಟ್ ತಿಂಗಳಲ್ಲಿ ಅವಳು ನಾಲ್ಕನೆಯ ವರ್ಷದ ಮೊದಲ ಸೆಮಿಸ್ಟರ್‌ನಲ್ಲಿ ಓದುತ್ತಿದ್ದಳು. ಹತ್ತನೆಯ ತರಗತಿ, ಹನ್ನೆರಡನೆಯ ತರಗತಿ ಮತ್ತು ಪದವಿಯ ಅಂಕಗಳು ಮೂರೂ ಶೇಕಡಾ 60ರ ಮೇಲಿದ್ದವು. ಆದರೆ ಮೂರನೆಯ ವರ್ಷದ ಎರಡು ವಿಷಯಗಳು ಉಳಿದುಕೊಂಡಿದ್ದವು: ಐದನೆಯ ಸೆಮಿಸ್ಟರ್‌ನ ಥಿಯರಿ ಆಫ್ ಕಂಪ್ಯೂಟೇಶನ್ ಮತ್ತು ಆರನೆಯ ಸೆಮಿಸ್ಟರ್‌ನ ವೆಬ್ ಟೆಕ್ನಾಲಜಿ. ಮೊದಲನೆಯದರಲ್ಲಿ ಅವಳು ಮರುಪರೀಕ್ಷೆಯಲ್ಲಿಯೂ ಪಾಸಾಗಿರಲಿಲ್ಲ. ಎರಡನೆಯದು ಕೆಲವೇ ಅಂಕಗಳಿಂದ ತಪ್ಪಿತ್ತು, ಆದ್ದರಿಂದ ಅವಳು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದ್ದಳು. ನಮ್ಮ ವಿಶ್ವವಿದ್ಯಾಲಯದಲ್ಲಿ ನಾಲ್ಕನೆಯ ವರ್ಷಕ್ಕೆ ಹೋಗಬೇಕಾದರೆ ಎರಡನೆಯ ವರ್ಷದ ಎಲ್ಲ ವಿಷಯಗಳೂ ಮುಗಿದಿರಬೇಕು, ಮೂರನೆಯ ವರ್ಷದ ಕ್ರೆಡಿಟ್‌ಗಳಲ್ಲಿ ಕನಿಷ್ಠ ಅರ್ಧದಷ್ಟು ಸಿಕ್ಕಿರಬೇಕು. ಉಳಿದದ್ದನ್ನು ಹೊತ್ತುಕೊಂಡೇ ಮುಂದೆ ಹೋಗಲು ಅನುಮತಿ ಸಿಗುತ್ತದೆ. ಪುಣೆ, ಮುಂಬಯಿಗಳ ವಿದ್ಯಾರ್ಥಿಗಳು ಇದನ್ನೇ ಎಟಿಕೆಟಿ ಅಥವಾ ಬರೀ ಕೇಟಿ ಎನ್ನುತ್ತಾರೆ. ಹೀಗಾಗಿ ನಾಲ್ಕನೆಯ ವರ್ಷದಲ್ಲಿ ಕಾಣುವ ಬಾಕಿ ಬಹುಮಟ್ಟಿಗೆ ಮೂರನೆಯ ವರ್ಷದ್ದೇ ಆಗಿರುತ್ತದೆ, ಮತ್ತು ಕ್ಯಾಂಪಸ್ ನೇಮಕಾತಿ ಆರಂಭವಾಗುವ ಜುಲೈ, ಆಗಸ್ಟ್ ತಿಂಗಳುಗಳಲ್ಲಿಯೇ ಅದರ ಲೆಕ್ಕ ಅತ್ಯಂತ ಅನಿಶ್ಚಿತವಾಗಿರುತ್ತದೆ. ಮೇ-ಜೂನ್ ಪರೀಕ್ಷೆಯ ಫಲಿತಾಂಶ ಆಗಷ್ಟೇ ಬಂದಿರುತ್ತದೆ, ಮರುಮೌಲ್ಯಮಾಪನದ ಉತ್ತರ ಬಂದಿರುವುದಿಲ್ಲ, ಮುಂದಿನ ಪರೀಕ್ಷೆ ನವೆಂಬರ್-ಡಿಸೆಂಬರ್‌ನಲ್ಲಿ ಇರುತ್ತದೆ.

ಆಗಸ್ಟ್ 8ರಂದು ಒಂದು ಸಾಫ್ಟ್‌ವೇರ್ ಸೇವಾ ಕಂಪನಿಯ ಡ್ರೈವ್‌ನ ಸೂಚನೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬಂತು. ನೋಂದಣಿಗೆ ಆಗಸ್ಟ್ 14 ಕೊನೆಯ ದಿನ, 20ರಂದು ಆನ್‌ಲೈನ್ ಪರೀಕ್ಷೆ, 29ರಂದು ಸಂದರ್ಶನ. ಅರ್ಹತೆಯ ಸಾಲು ಚಿಕ್ಕದಾಗಿತ್ತು: ಎಲ್ಲೆಡೆ ಶೇಕಡಾ 60, ಆಕ್ಟಿವ್ ಬ್ಯಾಕ್‌ಲಾಗ್, ಅಂದರೆ ಇನ್ನೂ ಪಾಸಾಗದೆ ಉಳಿದ ವಿಷಯ, ಇರಕೂಡದು. ಅದನ್ನು ಓದಿದ ವಿದ್ಯಾರ್ಥಿನಿ ಬಾಗಿಲು ಮುಚ್ಚಿತೆಂದು ತಿಳಿದುಕೊಂಡೇ ನನ್ನ ಬಳಿಗೆ ಬಂದಳು.

ನಾನು ಮೊದಲು ಮಾಡಿದ ಕೆಲಸವೆಂದರೆ ಕಂಪನಿಯವರು ಕಾಲೇಜಿನ ತರಬೇತಿ ಮತ್ತು ನೇಮಕಾತಿ ಅಧಿಕಾರಿಗೆ, ಅಂದರೆ ಟಿಪಿಒ ಅವರಿಗೆ, ಕಳುಹಿಸಿದ್ದ ಮೂಲ ಇಮೇಲನ್ನೂ ಅದರ ಜೊತೆಗಿದ್ದ ಉದ್ಯೋಗ ವಿವರದ ಪಿಡಿಎಫ್ ಕಡತವನ್ನೂ ತರಿಸಿಕೊಂಡು ಓದಿದ್ದು. ವಾಟ್ಸಾಪ್ ಸೂಚನೆಯನ್ನು ಸಾಮಾನ್ಯವಾಗಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿ ಅವಸರದಲ್ಲಿ ಸಂಕ್ಷೇಪಿಸಿರುತ್ತಾನೆ, ಮತ್ತು ಆ ಸಂಕ್ಷೇಪದಲ್ಲಿ ಮೊದಲು ಬಿದ್ದುಹೋಗುವುದು ದಿನಾಂಕಕ್ಕೆ ಸಂಬಂಧಿಸಿದ ಮಾತು. ಇಲ್ಲಿಯೂ ಹಾಗೆಯೇ ಆಗಿತ್ತು. ಪಿಡಿಎಫ್‌ನಲ್ಲಿದ್ದ ಷರತ್ತು ಬೇರೆಯಾಗಿತ್ತು: ಆಯ್ಕೆ ಪ್ರಕ್ರಿಯೆಯ ಸಮಯದಲ್ಲಿ ಹೆಚ್ಚೆಂದರೆ ಒಂದು ವಿಷಯ ಬಾಕಿ ಇರಬಹುದು, ಕೆಲಸಕ್ಕೆ ಸೇರುವ ಹೊತ್ತಿಗೆ ಒಂದೂ ಇರಕೂಡದು, ಎಲ್ಲ ವಿಷಯಗಳೂ ಕೋರ್ಸಿನ ನಿಗದಿತ ಅವಧಿಯೊಳಗೆ ಮುಗಿದಿರಬೇಕು. ಅಂದರೆ ಕಂಪನಿ ಒಂದಲ್ಲ, ಎರಡು ಬೇರೆ ಬೇರೆ ದಿನಗಳಲ್ಲಿ ಎರಡು ಬೇರೆ ಬೇರೆ ಸಂಖ್ಯೆಗಳನ್ನು ಕೇಳುತ್ತಿತ್ತು.

ಹೀಗೆ ಓದಿದ ಮೇಲೆ ಅವಳ ಪ್ರಶ್ನೆಯ ಆಕಾರವೇ ಬದಲಾಯಿತು. ಬಾಕಿ ಇದ್ದವರನ್ನು ಕೂಡಿಸುತ್ತೀರಾ ಎಂಬುದಕ್ಕೆ ಉತ್ತರ ಕಡತದಲ್ಲಿಯೇ ಇತ್ತು: ಒಂದಿದ್ದರೆ ಹೌದು. ಮರುಮೌಲ್ಯಮಾಪನದಲ್ಲಿರುವ ವಿಷಯವನ್ನು ಬಾಕಿ ಎಂದು ಎಣಿಸುತ್ತೀರಾ, ಎಣಿಕೆ ಯಾವ ದಿನದ್ದು ಎಂಬುದಕ್ಕೆ ಮಾತ್ರ ಉತ್ತರ ಇರಲಿಲ್ಲ. ಎಣಿಸಿದರೆ ಅವಳದು ಎರಡು, ಅವಳು ಹೊರಗೆ. ಎಣಿಸದಿದ್ದರೆ ಒಂದು, ಅವಳು ಒಳಗೆ. ಆಯ್ಕೆ ಪ್ರಕ್ರಿಯೆಯ ಸಮಯ ಎಂದರೆ ನೋಂದಣಿ ಮುಗಿಯುವ 14ನೆಯ ತಾರೀಖೋ, ಪರೀಕ್ಷೆಯ 20ನೆಯದೋ, ಸಂದರ್ಶನದ 29ನೆಯದೋ ಎಂಬುದು ಕೂಡ ಅವಳ ಮಟ್ಟಿಗೆ ಅಷ್ಟೇ ಮುಖ್ಯವಾಗಿತ್ತು, ಏಕೆಂದರೆ ಆ ಎರಡು ವಾರಗಳಲ್ಲಿ ಮರುಮೌಲ್ಯಮಾಪನದ ಫಲಿತಾಂಶ ಬರುವ ಸಾಧ್ಯತೆ ಇತ್ತು.

ಪ್ರಶ್ನೆಯ ಈ ಎರಡು ಬಗೆಗಳ ನಡುವಿನ ವ್ಯತ್ಯಾಸ ನೇಮಕಾತಿಯವರ ಮೇಜಿನಲ್ಲಿ ದೊಡ್ಡದು. ಕ್ಯಾಂಪಸ್‌ಗೆ ಬರುವ ರಿಕ್ರೂಟರ್ ಅರ್ಹತೆಯ ಮಾನದಂಡವನ್ನು ತಾನೇ ನಿಗದಿ ಮಾಡಿರುವುದಿಲ್ಲ. ಅದು ಕಂಪನಿಯ ಕೇಂದ್ರ ನೇಮಕಾತಿ ತಂಡ ಆ ವರ್ಷದ ಎಲ್ಲ ಕಾಲೇಜುಗಳಿಗೂ ಒಟ್ಟಿಗೆ ಗೊತ್ತುಪಡಿಸಿದ್ದು. ನೋಂದಣಿಯ ಫಾರ್ಮಿನಲ್ಲಿ ತುಂಬಿದ ಸಂಖ್ಯೆಗಳ ಮೇಲೆ ಅದು ಜರಡಿಯಂತೆ ತಾನಾಗಿ ಕೆಲಸ ಮಾಡುತ್ತದೆ. ವಿನಾಯಿತಿ ಕೇಳಿದರೆ ರಿಕ್ರೂಟರ್ ತನ್ನ ಕೈಯಲ್ಲಿಲ್ಲದ ಅಧಿಕಾರವನ್ನು ಚಲಾಯಿಸಬೇಕಾಗುತ್ತದೆ, ಆದ್ದರಿಂದ ಇಲ್ಲ ಎನ್ನುವುದೇ ಅವರಿಗೆ ಸುಲಭವಾಗುತ್ತದೆ. ಷರತ್ತಿನ ಅರ್ಥವನ್ನು ಕೇಳಿದರೆ ಉತ್ತರ ಕೊಡುವುದು ಅವರ ದಿನನಿತ್ಯದ ಕೆಲಸ. ತಮಗೆ ತಿಳಿಯದಿದ್ದರೆ ಕೇಂದ್ರ ತಂಡವನ್ನು ಕೇಳಿ ಹೇಳುತ್ತಾರೆ. ಒಬ್ಬ ವಿದ್ಯಾರ್ಥಿಗೆ ಮಾತ್ರ ಸಂಬಂಧಿಸಿದ ಕರುಣೆಯ ಬೇಡಿಕೆಗೆ ಸಿಗದ ಗಮನ, ನೂರಾರು ವಿದ್ಯಾರ್ಥಿಗಳಿಗೆ ಅನ್ವಯವಾಗಬಲ್ಲ ನಿಯಮದ ಸಂದೇಹಕ್ಕೆ ಸಿಗುತ್ತದೆ ಎಂಬುದನ್ನು ನಾನು ಹಲವು ವರ್ಷ ನೋಡಿದ್ದೇನೆ.

ಪತ್ರ ಬರೆಯುವ ಮೊದಲೇ ಇನ್ನೊಂದು ಘಟನೆ ನಡೆಯಿತು. ಆಗಸ್ಟ್ 11ರಂದು ಕಂಪನಿಯ ಪರಿಚಯ ಭಾಷಣಕ್ಕಾಗಿ ರಿಕ್ರೂಟರ್ ಕಾಲೇಜಿನ ಸಭಾಂಗಣಕ್ಕೆ ಬಂದಿದ್ದರು. ಅವರು ಧಾರವಾಡದವರೆಂದು ಮಾತಿನ ನಡುವೆ ತಿಳಿಯಿತು. ಭಾಷಣ ಮುಗಿದ ಮೇಲೆ ನಮ್ಮ ವಿದ್ಯಾರ್ಥಿನಿ ಧೈರ್ಯ ಮಾಡಿ ಅವರ ಹತ್ತಿರ ಹೋಗಿ ಕನ್ನಡದಲ್ಲಿಯೇ ಕೇಳಿದಳು: "ಅಕ್ಕಾರ, ನಂದು ಎರಡು ಪೇಪರ್ ಉಳದಾವ್ರಿ. ಒಂದಕ್ಕ ರಿವ್ಯಾಲ್ಯುಯೇಶನ್ ಹಾಕೇನಿ. ನಾ ಕೂಡಬಹುದೇನ್ರಿ?" ಪರವೂರಿನಲ್ಲಿ ತಮ್ಮ ಕಡೆಯ ಮಾತು ಕೇಳಿದ ಅವರು ಅಕ್ಕರೆಯಿಂದಲೇ ಉತ್ತರಿಸಿದರು: "ಪರೀಕ್ಷಾಕ್ಕ ಕೂಡ್ರವಾ, ಮುಂದಿಂದು ನೋಡೂಣಂತ."

ಅವಳು ಅದನ್ನು ಅನುಮತಿ ಎಂದು ತಿಳಿದು ಸಂತೋಷದಿಂದ ಬಂದು ಹೇಳಿದಳು. ನಾನು ಅದನ್ನು ಅನುಮತಿ ಎಂದು ಒಪ್ಪಲಿಲ್ಲ. ರಿಕ್ರೂಟರ್ ಸುಳ್ಳು ಹೇಳಿದರೆಂದಾಗಲೀ ಮಾತು ತಪ್ಪುತ್ತಾರೆಂದಾಗಲೀ ನನ್ನ ಅಭಿಪ್ರಾಯವಲ್ಲ. ಅವರು ಮನಃಪೂರ್ವಕವಾಗಿಯೇ ಹೇಳಿದ್ದರು. ಆದರೆ ಪರೀಕ್ಷೆಗೆ ಕೂಡುವವರ ಪಟ್ಟಿಯನ್ನು ಮುಚ್ಚುವುದು ಇನ್ನೊಂದು ಊರಿನ ಕಚೇರಿಯಲ್ಲಿರುವ ತಂಡ. ಅಲ್ಲಿ ಕುಳಿತವರಿಗೆ ಸಭಾಂಗಣದ ಮಾತು ಕೇಳಿಸಿರುವುದಿಲ್ಲ. ಅವರ ಮುಂದೆ ಇರುವುದು ಫಾರ್ಮಿನ ಸಂಖ್ಯೆ ಮಾತ್ರ. ಸಂದರ್ಶನದ ದಿನ ಬೇರೆ ರಿಕ್ರೂಟರ್ ಬರಬಹುದು. "ಮುಂದಿಂದು ನೋಡೂಣಂತ" ಎಂಬ ಮಾತಿನಲ್ಲಿ ಪರೀಕ್ಷೆಗೆ ಕೂಡುವ ಅವಕಾಶ ಇತ್ತೇ ಹೊರತು ಎಣಿಕೆ ಯಾವ ದಿನದ್ದು, ಎಷ್ಟು ಎಂಬ ಉತ್ತರ ಇರಲಿಲ್ಲ. ಹಾಗೆ ನೋಡಿದರೆ ಆ ಭೇಟಿಯಿಂದ ಆದ ನಿಜವಾದ ಉಪಯೋಗ ಬೇರೆ: ಬರೆದ ಪತ್ರ ತಲುಪಿದಾಗ ಅದನ್ನು ಕಳುಹಿಸಿದವಳು ಯಾರೆಂದು ಅವರಿಗೆ ನೆನಪಿರುತ್ತಿತ್ತು.

ಪತ್ರವನ್ನು ಯಾರು ಯಾರಿಗೆ ಬರೆಯಬೇಕು ಎಂಬುದು ಮುಂದಿನ ಪ್ರಶ್ನೆಯಾಗಿತ್ತು. ಕಾಲೇಜಿನೊಳಗೆ ನಡೆಯುವ ಡ್ರೈವ್‌ನಲ್ಲಿ ಕಂಪನಿಯೊಡನೆ ಮಾತನಾಡುವವರು ಟಿಪಿಒ. ವಿದ್ಯಾರ್ಥಿ ಅವರನ್ನು ದಾಟಿ ನೇರವಾಗಿ ಬರೆಯುವುದನ್ನು ಬಹಳಷ್ಟು ಕಾಲೇಜುಗಳ ಪ್ಲೇಸ್‌ಮೆಂಟ್ ನಿಯಮಾವಳಿ ಒಪ್ಪುವುದಿಲ್ಲ. ಇದನ್ನು ಬರೀ ಶಿಷ್ಟಾಚಾರವೆಂದು ತಳ್ಳಿಹಾಕುವಂತಿಲ್ಲ. ಕಂಪನಿಯ ಷರತ್ತಿನ ಮೇಲೆ ಕಾಲೇಜಿನದೇ ಆದ, ಕೆಲವೊಮ್ಮೆ ಇನ್ನೂ ಬಿಗಿಯಾದ ಷರತ್ತು ಇರಬಹುದು, ಮತ್ತು ಕಂಪನಿ ಹೌದೆಂದರೂ ಕಾಲೇಜು ತನ್ನ ಪಟ್ಟಿಯಲ್ಲಿ ಹೆಸರು ಸೇರಿಸದಿದ್ದರೆ ಪರೀಕ್ಷೆಯ ಲಿಂಕ್ ಬರುವುದಿಲ್ಲ. ನಮ್ಮಲ್ಲಿ ಕಾಲೇಜಿನ ಷರತ್ತು ಕಂಪನಿಯದಕ್ಕಿಂತ ಬಿಗಿಯಾಗಿರಲಿಲ್ಲ. ಆದರೂ ಟಿಪಿಒ ಅವರಿಗೆ ಮೊದಲು ತೋರಿಸಿ, ಅವರು ತಮ್ಮ ಇಮೇಲ್‌ನಿಂದ ರಿಕ್ರೂಟರ್‌ಗೆ ಕಳುಹಿಸಿ, ವಿದ್ಯಾರ್ಥಿನಿಗೂ ಒಂದು ಪ್ರತಿ ಹೋಗುವಂತೆ ಏರ್ಪಡಿಸಿದೆವು. ಅರ್ಹತೆಯ ಮೂಲ ಇಮೇಲ್ ಯಾವುದೋ ಅದಕ್ಕೇ ಉತ್ತರವಾಗಿ ಇದನ್ನು ಕಳುಹಿಸಿದ್ದರಿಂದ ಷರತ್ತು ಮತ್ತು ಸಂದೇಹ ಎರಡೂ ಒಂದೇ ಕಡೆ ಕಾಣುವಂತಾಯಿತು.

ಅವಳು ಬರೆದು ತಂದಿದ್ದ ಮೊದಲ ಕರಡಿನಲ್ಲಿ ಮನೆಯ ಪರಿಸ್ಥಿತಿ, ತಂದೆಯ ಜೋಳದ ಹೊಲ, ಮೂರನೆಯ ವರ್ಷದಲ್ಲಿ ಬಂದ ಟೈಫಾಯಿಡ್ ಇವೆಲ್ಲ ಇದ್ದವು. ಕೊನೆಯಲ್ಲಿ ಕೆಲವು ಪೇಪರ್ ಬಾಕಿ ಇವೆ, ದಯವಿಟ್ಟು ಅವಕಾಶ ಕೊಡಿ ಎಂದಿತ್ತು. ಬರೆದದ್ದೆಲ್ಲ ನಿಜ. ಆದರೆ ರಿಕ್ರೂಟರ್ ಉತ್ತರಿಸಲು ಬೇಕಾದ ಒಂದು ಸಂಗತಿಯೂ ಅದರಲ್ಲಿ ಇರಲಿಲ್ಲ: ಎಷ್ಟು ಪೇಪರ್, ಯಾವ ಸೆಮಿಸ್ಟರ್, ಈಗ ಯಾವ ಸ್ಥಿತಿ, ಮುಂದಿನ ಪರೀಕ್ಷೆ ಯಾವಾಗ. ಅವೆಲ್ಲವನ್ನು ತಿಳಿಯಲು ಅವರು ಮತ್ತೆ ಬರೆದು ಕೇಳಬೇಕಾಗುತ್ತಿತ್ತು, ಮತ್ತು ನೋಂದಣಿ ಮುಗಿಯಲು ಮೂರು ದಿನ ಉಳಿದಿರುವಾಗ ಅಂಥ ಪತ್ರಕ್ಕೆ ಉತ್ತರವೇ ಬರದಿರುವ ಸಾಧ್ಯತೆ ಹೆಚ್ಚು. ನಾವು ಕೂತು ಅದನ್ನು ಮತ್ತೆ ಬರೆದೆವು. ಕಳುಹಿಸಿದ್ದು ಇಂಗ್ಲಿಷಿನಲ್ಲಿ, ಅದರ ವಿಷಯ ಇಷ್ಟು:

"ಮಾನ್ಯ ಮೇಡಂ, ಆಗಸ್ಟ್ 20ರ ಡ್ರೈವ್‌ನ ಅರ್ಹತೆಯಲ್ಲಿ, ಆಯ್ಕೆ ಪ್ರಕ್ರಿಯೆಯ ಸಮಯದಲ್ಲಿ ಹೆಚ್ಚೆಂದರೆ ಒಂದು ಬ್ಯಾಕ್‌ಲಾಗ್ ಎಂದು ಹೇಳಲಾಗಿದೆ. ಕಂಪ್ಯೂಟರ್ ವಿಭಾಗದ ಈ ವಿದ್ಯಾರ್ಥಿನಿಗೆ ಇಂದಿನ ದಿನಕ್ಕೆ ಎರಡು ವಿಷಯಗಳು ಬಾಕಿ ಇವೆ. ಥಿಯರಿ ಆಫ್ ಕಂಪ್ಯೂಟೇಶನ್, ಐದನೆಯ ಸೆಮಿಸ್ಟರ್; ಇದನ್ನು ನವೆಂಬರ್-ಡಿಸೆಂಬರ್‌ನಲ್ಲಿ ಬರೆಯುತ್ತಾಳೆ. ವೆಬ್ ಟೆಕ್ನಾಲಜಿ, ಆರನೆಯ ಸೆಮಿಸ್ಟರ್. ಇದು ಮರುಮೌಲ್ಯಮಾಪನದಲ್ಲಿದೆ, ಫಲಿತಾಂಶ ಬಂದಿಲ್ಲ. ಎರಡು ವಿಷಯಗಳನ್ನು ದಯವಿಟ್ಟು ತಿಳಿಸಬೇಕು. ಮರುಮೌಲ್ಯಮಾಪನದಲ್ಲಿರುವ ವಿಷಯವನ್ನು ತಾವು ಬ್ಯಾಕ್‌ಲಾಗ್ ಎಂದು ಎಣಿಸುವಿರೋ? ಎಣಿಕೆಗೆ ಹಿಡಿಯುವ ದಿನ ಯಾವುದು? ಫಾರ್ಮಿನಲ್ಲಿ ಅವಳು ಬಾಕಿ ಎರಡು ಎಂದೇ ತುಂಬುತ್ತಾಳೆ. ಆರೂ ಸೆಮಿಸ್ಟರ್‌ಗಳ ಅಂಕಪಟ್ಟಿ ಮತ್ತು ಮರುಮೌಲ್ಯಮಾಪನದ ಅರ್ಜಿಯ ರಸೀದಿ ಜೊತೆಗಿವೆ."

ಇದರ ಜೊತೆಗೆ ಅವಳ ಪೂರ್ಣ ಹೆಸರು, ವಿಶ್ವವಿದ್ಯಾಲಯದ ಪಿಆರ್‌ಎನ್ ಸಂಖ್ಯೆ ಮತ್ತು ನೋಂದಣಿಗೆ ಬಳಸುವ ಇಮೇಲ್ ವಿಳಾಸ ಇದ್ದವು. ಅಂಕಪಟ್ಟಿಯ ಫಲಿತಾಂಶದ ಜಾಗದಲ್ಲಿ ಎ.ಟಿ.ಕೆ.ಟಿ. ಎಂದಷ್ಟೇ ಕಾಣುವುದರಿಂದ, ಬೇರೆ ರಾಜ್ಯದ ಕಚೇರಿಯಲ್ಲಿ ಅದನ್ನು ನೋಡುವವರಿಗೆ ಎಷ್ಟು ವಿಷಯ ಬಾಕಿ ಎಂಬುದು ತಕ್ಷಣ ತಿಳಿಯಲಿಕ್ಕಿಲ್ಲವೆಂದು ಬಾಕಿ ಇರುವ ಎರಡು ಸಾಲುಗಳ ಬದಿಗೆ ಗುರುತು ಹಾಕಿದೆವು. ಮನೆಯ ಪರಿಸ್ಥಿತಿಯನ್ನು ಪೂರ್ತಿ ಬಿಟ್ಟೆವು. ಟೈಫಾಯಿಡ್ ಬಿಡುವುದು ಅವಳಿಗೆ ಕಷ್ಟವಾಯಿತು, ಮತ್ತು ಆ ನೋವು ನನಗೆ ಅರ್ಥವಾಗುತ್ತದೆ. ಆದರೆ ಅದು ಸಂದರ್ಶನದಲ್ಲಿ ಈ ವಿಷಯಗಳು ಏಕೆ ಉಳಿದವು ಎಂದು ಕೇಳಿದಾಗ ಹೇಳಬೇಕಾದ ಮಾತೇ ಹೊರತು ಎಣಿಕೆಯ ನಿಯಮವನ್ನು ಕೇಳುವಾಗ ಹೇಳಬೇಕಾದದ್ದಲ್ಲ.

ಫಾರ್ಮಿನಲ್ಲಿ ಎರಡು ಎಂದು ತುಂಬುವ ವಿಷಯದಲ್ಲಿ ನಮ್ಮಿಬ್ಬರ ನಡುವೆ ದೀರ್ಘ ಚರ್ಚೆಯೇ ಆಯಿತು. "ಸರ್, ರಿವ್ಯಾಲ್ಯುಯೇಶನ್‌ದಾಗ ಅದು ಪಾಸ್ ಆಗೇ ಆಗ್ತದರಿ. ಒಂದs ಅಂತ ಹಾಕಿದ್ರ ನಡೀತದೇನ್ರಿ?" ಎಂದು ಕೇಳಿದಳು. ಬಹಳ ವಿದ್ಯಾರ್ಥಿಗಳು ಹೀಗೆ ಯೋಚಿಸುತ್ತಾರೆ, ಮತ್ತು ಅವರಲ್ಲಿ ಹೆಚ್ಚಿನವರಿಗೆ ಮೋಸ ಮಾಡುವ ಉದ್ದೇಶವಿರುವುದಿಲ್ಲ. ನಾಳೆ ನಿಜವಾಗುವುದನ್ನು ಇಂದೇ ಬರೆಯುತ್ತಿದ್ದೇವೆ ಎಂದುಕೊಳ್ಳುತ್ತಾರೆ. ಆದರೆ ಮರುಮೌಲ್ಯಮಾಪನದ ಫಲಿತಾಂಶ ಪ್ರಕಟವಾಗುವವರೆಗೆ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಆ ವಿಷಯ ಅನುತ್ತೀರ್ಣವೇ. ಕೆಲಸಕ್ಕೆ ಸೇರುವಾಗ ಕಂಪನಿ ನಡೆಸುವ ಹಿನ್ನೆಲೆ ಪರಿಶೀಲನೆಯಲ್ಲಿ ಪ್ರತಿ ಸೆಮಿಸ್ಟರ್‌ನ ಪ್ರತಿ ಅಂಕಪಟ್ಟಿಯನ್ನೂ ಕೇಳುತ್ತಾರೆ, ಅನುತ್ತೀರ್ಣವಾದಾಗಿನದನ್ನೂ ಸೇರಿಸಿ. ಅಂಕಪಟ್ಟಿಯ ಮೇಲೆ ಪರೀಕ್ಷೆ ಯಾವ ತಿಂಗಳು, ಯಾವ ವರ್ಷದ್ದು ಎಂಬುದು ಅಚ್ಚಾಗಿರುತ್ತದೆ. ಡಿಸೆಂಬರ್‌ನಲ್ಲಿ ಪಾಸಾದ ವಿಷಯವೊಂದು ಹಿಂದಿನ ಆಗಸ್ಟ್‌ನಲ್ಲಿ ಬಾಕಿ ಇತ್ತೆಂದು ಕಂಡುಹಿಡಿಯಲು ಪರಿಶೀಲಿಸುವವರು ಆ ಎರಡು ಕಾಗದಗಳನ್ನು ಬದಿಬದಿಗೆ ಇಟ್ಟರೆ ಸಾಕು. ಆಗ ಫಾರ್ಮಿನಲ್ಲಿ ಬರೆದ ಸಂಖ್ಯೆ ತಪ್ಪು ಮಾಹಿತಿ ಎನಿಸಿಕೊಳ್ಳುತ್ತದೆ, ಮತ್ತು ತಪ್ಪು ಮಾಹಿತಿ ಕೊಟ್ಟವರ ಆಫರ್ ರದ್ದಾಗುತ್ತದೆ ಎಂಬ ಸಾಲು ಆಫರ್ ಪತ್ರಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹೀಗೆ ಕೆಲಸ ಕಳೆದುಕೊಳ್ಳುವುದು ಜೂನ್ ಅಥವಾ ಜುಲೈನಲ್ಲಿ, ಆ ವರ್ಷದ ಉಳಿದ ಡ್ರೈವ್‌ಗಳೆಲ್ಲ ಮುಗಿದ ಮೇಲೆ.

ಅವಳ ಭರವಸೆಗೆ ಎಷ್ಟು ಆಧಾರವಿದೆ ಎಂಬುದನ್ನೂ ಆಗಲೇ ನೋಡಿದೆವು. ವಿಶ್ವವಿದ್ಯಾಲಯ ಶುಲ್ಕ ಪಡೆದು ಉತ್ತರಪತ್ರಿಕೆಯ ನಕಲು ಪ್ರತಿ ಕೊಡುತ್ತದೆ. ಅವಳು ಅದನ್ನು ತರಿಸಿಕೊಂಡಿದ್ದಳು. ಅದನ್ನು ವಿಷಯದ ಅಧ್ಯಾಪಕರಿಗೆ ತೋರಿಸಿದಾಗ ಅವರು ಹೇಳಿದ್ದು ಸ್ಪಷ್ಟವಾಗಿತ್ತು. ಯಾವುದಾದರೂ ಉತ್ತರಕ್ಕೆ ಅಂಕವನ್ನೇ ಹಾಕದೆ ಬಿಟ್ಟಿದ್ದರೆ ಅಥವಾ ಒಟ್ಟು ಮೊತ್ತದಲ್ಲಿ ತಪ್ಪಿದ್ದರೆ ಆಸೆ ಇಟ್ಟುಕೊಳ್ಳಬಹುದಿತ್ತು. ಇಲ್ಲಿ ಎಲ್ಲ ಉತ್ತರಗಳಿಗೂ ಅಂಕ ಬಿದ್ದಿತ್ತು, ಮೊತ್ತವೂ ಸರಿಯಾಗಿತ್ತು, ಎರಡು ಕಡೆ ಅಂಕ ಸ್ವಲ್ಪ ಬಿಗಿಯಾಗಿತ್ತು ಅಷ್ಟೇ. ಇಂಥ ಪತ್ರಿಕೆಯಲ್ಲಿ ಬದಲಾವಣೆ ಆಗಲೂಬಹುದು, ಆಗದಿರಲೂಬಹುದು. ಆದ್ದರಿಂದಲೇ ಪತ್ರದಲ್ಲಿ ಪಾಸಾಗುವ ಭರವಸೆಯ ಮಾತನ್ನು ಎಲ್ಲಿಯೂ ಬರೆಯಲಿಲ್ಲ.

ಆಗಸ್ಟ್ 13ರ ಸಂಜೆ ಉತ್ತರ ಬಂತು. ರಿಕ್ರೂಟರ್ ತಮ್ಮ ಕೇಂದ್ರ ತಂಡವನ್ನು ಕೇಳಿ ಬರೆದಿದ್ದರು. ಎಣಿಕೆಯ ದಿನ ನೋಂದಣಿಯದಲ್ಲ, ಸಂದರ್ಶನದ ದಿನ. ಮರುಮೌಲ್ಯಮಾಪನದಲ್ಲಿರುವ ವಿಷಯವನ್ನು ಹೊಸ ಫಲಿತಾಂಶ ಪ್ರಕಟವಾಗುವ ತನಕ ಬಾಕಿ ಎಂದೇ ಎಣಿಸುತ್ತಾರೆ. ವಿದ್ಯಾರ್ಥಿನಿ ಪರೀಕ್ಷೆಗೆ ಕೂಡಬಹುದು, ಆದರೆ ಫಾರ್ಮಿನಲ್ಲಿ ಎರಡು ಎಂದು ತುಂಬಿದರೆ ಜರಡಿ ತಡೆಯುವುದರಿಂದ ಅವಳ ಹೆಸರನ್ನು ಟಿಪಿಒ ಬೇರೆ ಹಾಳೆಯಲ್ಲಿ, ಫಲಿತಾಂಶ ನಿರೀಕ್ಷಿತ ಎಂಬ ತಲೆಬರಹದಡಿ ಕಳುಹಿಸಬೇಕು. ಸಂದರ್ಶನಕ್ಕೆ ಮುನ್ನ ಬಾಕಿ ಒಂದಕ್ಕೆ ಇಳಿದಿರುವ ದಾಖಲೆ ಕೊಟ್ಟರೆ ಮಾತ್ರ ಅವಳನ್ನು ಮುಂದಕ್ಕೆ ಪರಿಗಣಿಸುತ್ತಾರೆ.

ಈ ಉತ್ತರದಲ್ಲಿ ಅತ್ಯಂತ ಬೆಲೆಯುಳ್ಳದ್ದೆಂದು ನನಗೆ ತೋರಿದ್ದು ಬೇರೆ ಹಾಳೆಯ ವಿಷಯ. ಪತ್ರ ಬರೆಯದೆ ಬರೀ ಎರಡು ಎಂದು ತುಂಬಿದ್ದರೆ ಯಾರೂ ನೋಡದೆಯೇ ಅವಳ ಅರ್ಜಿ ನಿಂತುಹೋಗುತ್ತಿತ್ತು, ಸಭಾಂಗಣದಲ್ಲಿ ಸಿಕ್ಕ ಮಾತು ಅದನ್ನು ತಡೆಯಲಾರದಾಗಿತ್ತು. ಒಂದು ಎಂದು ತುಂಬಿದ್ದರೆ ಪರೀಕ್ಷೆಗೆ ದಾರಿ ಸಿಗುತ್ತಿತ್ತು, ಆದರೆ ಸಂದರ್ಶನದ ದಿನ ಅಂಕಪಟ್ಟಿ ನೋಡಿದಾಗ ಸಂಖ್ಯೆ ತಾಳೆಯಾಗುತ್ತಿರಲಿಲ್ಲ. ಬೇರೆ ಹಾಳೆ ಎಂಬುದೊಂದು ಇದೆ ಎಂಬುದು ಕೇಳಿದವರಿಗೆ ಮಾತ್ರ ತಿಳಿಯುತ್ತದೆ. ಯಾವ ಸೂಚನೆಯಲ್ಲಿಯೂ ಅದನ್ನು ಬರೆದಿರುವುದಿಲ್ಲ. ಉತ್ತರದಲ್ಲಿ ನೋಂದಣಿ ಮಾಡಿ ಎಂದಷ್ಟೇ ಇದ್ದಿದ್ದರೆ ಅದನ್ನು ಅರ್ಹಳು ಎಂದು ಓದಬಾರದೆಂದೂ, ಮತ್ತೊಮ್ಮೆ ಬರೆದು ಕೇಳಬೇಕೆಂದೂ ಅವಳಿಗೆ ಮೊದಲೇ ಹೇಳಿದ್ದೆ. ನೋಂದಣಿಗೆ ಅವಕಾಶ ಎಲ್ಲರಿಗೂ ಇರುತ್ತದೆ, ಅರ್ಹತೆಯನ್ನು ನೋಡುವುದು ಆಮೇಲೆ.

ಆಗಸ್ಟ್ 20ರಂದು ಅವಳು ಪರೀಕ್ಷೆ ಬರೆದಳು ಮತ್ತು ಅದರಲ್ಲಿ ಆಯ್ಕೆಯಾದಳು. 27ರಂದು ಮರುಮೌಲ್ಯಮಾಪನದ ಫಲಿತಾಂಶ ಬಂತು: ಬದಲಾವಣೆ ಇಲ್ಲ. ಅವಳು ಅಂದೇ ಅದನ್ನು ಟಿಪಿಒ ಅವರಿಗೆ ತಿಳಿಸಿದಳು, ಅವರು ಅದೇ ಇಮೇಲ್ ಸರಣಿಯಲ್ಲಿ ರಿಕ್ರೂಟರ್‌ಗೆ ಬರೆದರು. ಬಾಕಿ ಎರಡೇ ಉಳಿದಿದ್ದರಿಂದ 29ರ ಸಂದರ್ಶನಕ್ಕೆ ಅವಳನ್ನು ಕರೆಯಲಿಲ್ಲ. ಆ ದಿನ ಗೆಳತಿಯರು ಒಳಗೆ ಹೋಗುವುದನ್ನು ನೋಡುವುದು ಅವಳಿಗೆ ಬಹಳ ಕಷ್ಟವಾಯಿತು. ಚಿಂಚವಾಡದಲ್ಲಿರುವ ಸೋದರಮಾವನ ಮನೆಗೆ ಹೋಗಿ ಎರಡು ದಿನ ಕಾಲೇಜಿಗೆ ಬರಲಿಲ್ಲ. ಸುದ್ದಿಯನ್ನು ಎರಡು ದಿನ ತಡವಾಗಿ ತಿಳಿಸಿದ್ದರೆ ಸಂದರ್ಶನವಾದರೂ ಆಗುತ್ತಿತ್ತಲ್ಲ ಎಂದು ಅವಳ ಮಾವ ನನ್ನನ್ನು ಫೋನಿನಲ್ಲಿ ಕೇಳಿದರು. ಸಂದರ್ಶನದ ದಿನವೇ ಎಣಿಕೆಯ ದಿನವೆಂದು ಕಂಪನಿ ಬರೆದು ಕೊಟ್ಟ ಮೇಲೆ, ಆ ದಿನ ಗೊತ್ತಿದ್ದ ಫಲಿತಾಂಶವನ್ನು ಮುಚ್ಚಿಟ್ಟು ಪಡೆದ ಆಫರ್ ಜುಲೈವರೆಗೂ ಅವಳ ತಲೆಯ ಮೇಲೆ ತೂಗುತ್ತಿರುತ್ತಿತ್ತು ಎಂದು ನಾನು ಅವರಿಗೆ ವಿವರಿಸಬೇಕಾಯಿತು.

ಸೆಪ್ಟೆಂಬರ್ ಮೊದಲ ವಾರ ರಿಕ್ರೂಟರ್‌ಗೆ ಇನ್ನೊಂದು ಚಿಕ್ಕ ಪತ್ರ ಹೋಯಿತು. ಅದರಲ್ಲಿ ಎರಡೇ ಪ್ರಶ್ನೆಗಳಿದ್ದವು: ಇದೇ ಶೈಕ್ಷಣಿಕ ವರ್ಷದಲ್ಲಿ ಇನ್ನೊಂದು ಸುತ್ತು ಇದ್ದರೆ, ನವೆಂಬರ್-ಡಿಸೆಂಬರ್ ಪರೀಕ್ಷೆಯಲ್ಲಿ ಎರಡೂ ವಿಷಯ ಮುಗಿಸಿದವರು ಮತ್ತೆ ಅರ್ಜಿ ಹಾಕಬಹುದೇ, ಮತ್ತು ಹಿಂದೆ ಬಾಕಿ ಇದ್ದು ಈಗ ಮುಗಿದಿರುವುದನ್ನು, ಅಂದರೆ ಬ್ಯಾಕ್‌ಲಾಗ್ ಇತಿಹಾಸವನ್ನು, ಅನರ್ಹತೆ ಎಂದು ನೋಡುತ್ತೀರಾ. ಎರಡನೆಯ ಪ್ರಶ್ನೆಯನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಕೆಲವು ಕಂಪನಿಗಳು ಈಗ ಬಾಕಿ ಇಲ್ಲದಿದ್ದರೆ ಸಾಕು ಎನ್ನುತ್ತವೆ, ಕೆಲವು ಒಮ್ಮೆಯೂ ಅನುತ್ತೀರ್ಣರಾಗಿರಬಾರದು ಎನ್ನುತ್ತವೆ. ಇಡೀ ಚಳಿಗಾಲ ಓದಿ ಎಲ್ಲ ಮುಗಿಸಿದ ಮೇಲೆ ಎರಡನೆಯ ಬಗೆಯ ಷರತ್ತು ಎದುರಾದರೆ ಆಗುವ ನಿರಾಸೆ ದೊಡ್ಡದು. ಉತ್ತರ ಅನುಕೂಲವಾಗಿಯೇ ಬಂತು. ಫೆಬ್ರವರಿಯಲ್ಲಿ ಹಲವು ಕಾಲೇಜುಗಳನ್ನು ಸೇರಿಸಿ ನಡೆಸುವ ಪೂಲ್ ಡ್ರೈವ್ ಇರಬಹುದು, ಇತಿಹಾಸ ಅಡ್ಡಿಯಲ್ಲ, ಆದರೆ ಪರೀಕ್ಷೆಯನ್ನು ಹೊಸದಾಗಿ ಬರೆಯಬೇಕು, ಆಗಸ್ಟ್‌ನ ಅಂಕ ಲೆಕ್ಕಕ್ಕಿಲ್ಲ.

ಫೆಬ್ರವರಿ ಎಂಬುದು ಅವಳ ಫಲಿತಾಂಶಕ್ಕೆ ಹೊಂದುತ್ತದೆಯೇ ಎಂದು ಲೆಕ್ಕ ಹಾಕಿದೆವು. ಮಹಾರಾಷ್ಟ್ರದ 2016ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ, ಪರೀಕ್ಷೆ ಮುಗಿದ 30 ದಿನಗಳಲ್ಲಿ ಫಲಿತಾಂಶ ಪ್ರಕಟಿಸಲು ವಿಶ್ವವಿದ್ಯಾಲಯ ಪ್ರಯತ್ನಿಸಬೇಕು, ಹೆಚ್ಚೆಂದರೆ 45 ದಿನ ಮೀರಬಾರದು. ಡಿಸೆಂಬರ್ ಮೂರನೆಯ ವಾರದಲ್ಲಿ ಪರೀಕ್ಷೆ ಮುಗಿದರೆ ಫೆಬ್ರವರಿ ಮೊದಲ ವಾರದೊಳಗೆ ಫಲಿತಾಂಶ ಬರಬೇಕು. ಕಾಯ್ದೆಯ ಗಡುವು ಪ್ರತಿ ಸಲವೂ ಪಾಲನೆಯಾಗುವುದಿಲ್ಲ ಎಂಬುದು ನಮಗೆ ಗೊತ್ತಿದ್ದರಿಂದ, ಆ ದಿನಾಂಕವನ್ನು ಕಂಪನಿಗೆ ಭರವಸೆಯಾಗಿ ಕೊಡದೆ, ಫಲಿತಾಂಶ ಬಂದ ದಿನವೇ ತಿಳಿಸುತ್ತೇವೆ ಎಂದಷ್ಟೇ ಟಿಪಿಒ ಬರೆದರು.

ಅವಳು ಡಿಸೆಂಬರ್‌ನಲ್ಲಿ ಏಳನೆಯ ಸೆಮಿಸ್ಟರ್‌ನ ವಿಷಯಗಳ ಜೊತೆಗೆ ಆ ಎರಡನ್ನೂ ಬರೆದಳು. ಥಿಯರಿ ಆಫ್ ಕಂಪ್ಯೂಟೇಶನ್‌ಗಾಗಿ ಅಕ್ಟೋಬರ್‌ನಿಂದ ನಮ್ಮ ವಿಭಾಗದ ಒಬ್ಬ ಅಧ್ಯಾಪಕಿಯ ಬಳಿ ವಾರಕ್ಕೆ ಎರಡು ಸಂಜೆ ಕೂತು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದಳು. ಪುಷ್‌ಡೌನ್ ಆಟೊಮೇಟಾ ಮತ್ತು ಟ್ಯೂರಿಂಗ್ ಮಷಿನ್‌ಗಳಲ್ಲಿ ಅವಳು ಪ್ರತಿ ಸಲ ಸೋಲುತ್ತಿದ್ದಳೆಂಬುದು ಆಗಲೇ ಗೊತ್ತಾದದ್ದು. ಜನವರಿ ಕೊನೆಯಲ್ಲಿ ಬಂದ ಫಲಿತಾಂಶದಲ್ಲಿ ಎಲ್ಲವೂ ಮುಗಿದಿದ್ದವು.

ಪೂಲ್ ಡ್ರೈವ್‌ನ ಫಾರ್ಮಿನಲ್ಲಿ ಅವಳು ಈಗಿನ ಬಾಕಿ ಸೊನ್ನೆ, ಹಿಂದಿನದು ಎರಡು ಎಂದು ತುಂಬಿದಳು. ಸಂದರ್ಶನದಲ್ಲಿ ಆ ಎರಡರ ಬಗ್ಗೆ ಕೇಳಿದರು. ಅವಳು ಕಾಯಿಲೆಯ ವಿಷಯವನ್ನು ಎರಡು ವಾಕ್ಯಗಳಲ್ಲಿ ಹೇಳಿ, ಉಳಿದ ಸಮಯವೆಲ್ಲ ಬಿಳಿ ಹಲಗೆಯ ಮೇಲೆ ಒಂದು ಟ್ಯೂರಿಂಗ್ ಮಷಿನ್ ಬರೆದು ತೋರಿಸುವುದರಲ್ಲಿ ಕಳೆದಳಂತೆ. ಆಫರ್ ಪತ್ರ ಮಾರ್ಚ್‌ನಲ್ಲಿ ಬಂತು. ಎಂಟನೆಯ ಸೆಮಿಸ್ಟರ್‌ನ ಎಲ್ಲ ವಿಷಯಗಳೂ ಮೊದಲ ಪ್ರಯತ್ನದಲ್ಲಿಯೇ ಮುಗಿಯಬೇಕು, ಸೇರುವ ದಿನ ಎಲ್ಲ ಸೆಮಿಸ್ಟರ್‌ಗಳ ಎಲ್ಲ ಅಂಕಪಟ್ಟಿಗಳನ್ನೂ ಒಪ್ಪಿಸಬೇಕು ಎಂಬ ಷರತ್ತು ಅದರಲ್ಲಿತ್ತು. ಹಿನ್ನೆಲೆ ಪರಿಶೀಲನೆಗೆ ಕಾಗದಗಳನ್ನು ಜೋಡಿಸುವಾಗ ಅವಳು ಅನುತ್ತೀರ್ಣಳಾದ ಎರಡು ಅಂಕಪಟ್ಟಿಗಳನ್ನೂ ಆಗಸ್ಟ್ 13ರ ಇಮೇಲ್‌ನ ಮುದ್ರಿತ ಪ್ರತಿಯನ್ನೂ ಸೇರಿಸಿಟ್ಟಳು. ಪರಿಶೀಲಿಸಿದವರು ಆ ಇಮೇಲನ್ನು ಕೇಳಲೇ ಇಲ್ಲ. ಅಂಕಪಟ್ಟಿಗಳೂ ಫಾರ್ಮಿನ ಸಂಖ್ಯೆಗಳೂ ತಾಳೆಯಾಗಿದ್ದರಿಂದ ಅದರ ಅಗತ್ಯ ಬೀಳಲಿಲ್ಲ.